ಗಡುವು ವಿಸ್ತರಣೆಯನ್ನು ಗುರುವಾರ ರಾತ್ರಿಯೇ ಕೇಳಬೇಕಿತ್ತು

ಪ್ರಶ್ನೆ: ನಾನು ತುಮಕೂರಿನ ಶಿರಾ ಗೇಟ್ ಬಳಿ ಇದ್ದೇನೆ. ವಸಂತನರಸಾಪುರದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ವರದಿ ತಯಾರಿಸುವ ಕೆಲಸ. ಬೆಂಗಳೂರಿನ ಕಂಪನಿಯೊಂದರ ಡೇಟಾ ಅನಲಿಸ್ಟ್ ಹುದ್ದೆಗೆ ಅರ್ಜಿ ಹಾಕಿದ್ದೆ. ಗುರುವಾರ ಸಂಜೆ 7ಕ್ಕೆ ಅಸೈನ್‌ಮೆಂಟ್ ಕಳುಹಿಸಿ, ಮನೆಯಲ್ಲೇ ಮಾಡಿ ಭಾನುವಾರ ರಾತ್ರಿ 11.59ರೊಳಗೆ ಕೊಡಿ ಎಂದರು. ಶನಿವಾರ, ಭಾನುವಾರ ಎರಡೂ ದಿನ ನಮ್ಮಲ್ಲಿ ಸ್ಟಾಕ್ ಎಣಿಕೆ ಇತ್ತು. ಸಮಯ ಕೇಳಿದರೆ ತಪ್ಪು ತಿಳಿಯುತ್ತಾರೆಂದು ಸುಮ್ಮನಿದ್ದು, ಕೊನೆಗೆ ಭಾನುವಾರ ರಾತ್ರಿ 10ಕ್ಕೆ ಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಅರೆಬರೆ ಕಳುಹಿಸಿದೆ, ಆಯ್ಕೆಯಾಗಲಿಲ್ಲ. ಈಗ ಇನ್ನೊಂದು ಕಂಪನಿ ಈ ತಿಂಗಳ ಕೊನೆಯ ವಾರ ಅಸೈನ್‌ಮೆಂಟ್ ಕಳುಹಿಸುವುದಾಗಿ ಹೇಳಿದೆ. ಆಗಲೂ ಎಣಿಕೆ ಇದೆ. ಸಮಯ ಕೇಳುವುದು ಹೇಗೆ?
— ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಕೋರಿಕೆಯಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಅದು ತಲುಪಿದ ಹೊತ್ತಿನಲ್ಲಿ. ನೇಮಕಾತಿಯ ಮೇಜಿನ ಆಚೆ ಬದಿಯಲ್ಲಿ ಹಲವು ವರ್ಷ ಕುಳಿತು ಇಂತಹ ಅಸೈನ್‌ಮೆಂಟುಗಳನ್ನು ಕಳುಹಿಸಿದ, ಬಂದ ಉತ್ತರಗಳನ್ನು ನೋಡಿದ ಅನುಭವದಿಂದ ಹೇಳುವುದಾದರೆ, ಈಗಾಗಲೇ ಒಂದು ಕಡೆ ಉದ್ಯೋಗದಲ್ಲಿರುವ ಅಭ್ಯರ್ಥಿಯು ಒಂದೆರಡು ದಿನ ಹೆಚ್ಚಿಗೆ ಕೇಳುವುದು ನಮಗೆ ಹೊಸ ಸಂಗತಿಯೇನೂ ಆಗಿರಲಿಲ್ಲ. ಅದಕ್ಕಾಗಿಯೇ ಯಾರನ್ನಾದರೂ ಕೈಬಿಟ್ಟದ್ದು ನನಗೆ ನೆನಪಿಲ್ಲ. ಆದರೆ ಭಾನುವಾರ ರಾತ್ರಿ 10 ಗಂಟೆಗೆ ಬಂದ ಮೇಲ್ ಅನ್ನು ಎಚ್‌ಆರ್ ವಿಭಾಗದವರು ತೆರೆಯುವುದು ಸೋಮವಾರ ಬೆಳಿಗ್ಗೆ, ಅಂದರೆ ಗಡುವು ಮುಗಿದ ಮೇಲೆ. ನಿಮ್ಮ ಕೋರಿಕೆಗೆ ಒಪ್ಪಿಗೆ ಸಿಗುವ ಅವಕಾಶವೇ ಇರಲಿಲ್ಲ.

ಆ ಕಡೆ ಏನು ನಡೆಯುತ್ತದೆ ಎಂಬುದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಅಸೈನ್‌ಮೆಂಟ್ ಕಳುಹಿಸುವವರು ಎಚ್‌ಆರ್‌ನವರಾದರೂ ಅದನ್ನು ಪರಿಶೀಲಿಸುವವರು ನೀವು ಸೇರಬೇಕೆಂದಿರುವ ತಂಡದ ಒಬ್ಬಿಬ್ಬರು ಹಿರಿಯರು. ಅವರು ತಮ್ಮ ದಿನನಿತ್ಯದ ಕೆಲಸದ ನಡುವೆ ಒಂದು ಮಧ್ಯಾಹ್ನವನ್ನು ಇದಕ್ಕೆಂದು ಮೀಸಲಿಟ್ಟು, ಬಂದಿರುವ ನಾಲ್ಕೈದು ಉತ್ತರಗಳನ್ನು ಒಟ್ಟಿಗೇ ಹರಡಿಕೊಂಡು ನೋಡುತ್ತಾರೆ. ಗಡುವು ಭಾನುವಾರ ರಾತ್ರಿ ಎಂದಿದ್ದರೆ ಆ ರಾತ್ರಿ ಯಾರೂ ನೋಡಲು ಕುಳಿತಿರುವುದಿಲ್ಲ. ಬಹುಮಟ್ಟಿಗೆ ಸೋಮವಾರವೋ ಮಂಗಳವಾರವೋ ಪರಿಶೀಲನೆ ನಡೆಯಲಿದೆ ಎಂದು ಅದರ ಅರ್ಥ. ಹಾಗಾಗಿ ನಿಮಗೆ ಸಮಯ ಸಿಗುತ್ತದೆಯೋ ಇಲ್ಲವೋ ಎಂಬುದು ಅವರ ಔದಾರ್ಯಕ್ಕಿಂತ ಹೆಚ್ಚಾಗಿ ಆ ಪರಿಶೀಲನೆಯ ದಿನವನ್ನು ಅವಲಂಬಿಸಿದೆ. ಗುರುವಾರ ರಾತ್ರಿ ಅಥವಾ ಶುಕ್ರವಾರ ಬೆಳಿಗ್ಗೆ ಕೇಳಿದರೆ ಎಚ್‌ಆರ್‌ನವರು ಪರಿಶೀಲಕರನ್ನು ವಿಚಾರಿಸಿ ಆ ದಿನವನ್ನು ಸರಿಸಬಹುದು, ಇಲ್ಲವೇ ನಿಮ್ಮದೊಂದನ್ನು ಪ್ರತ್ಯೇಕವಾಗಿ ನೋಡಲು ಒಪ್ಪಿಸಬಹುದು. ಶನಿವಾರ ಬಂದರೆ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ.

ಇನ್ನು ಎಷ್ಟು ಸಮಯ ಕೇಳಬೇಕು ಎಂಬುದನ್ನು ಅಂದಾಜಿನಲ್ಲಿ ಹೇಳಬಾರದು, ಗಂಟೆ ಎಣಿಸಿ ಹೇಳಬೇಕು. ನಿಮ್ಮದೇ ಗುರುವಾರವನ್ನು ತೆಗೆದುಕೊಳ್ಳೋಣ. ಕಂಪನಿಯು ಇದು ಆರು ಗಂಟೆಯ ಕೆಲಸ ಎಂದಿತ್ತೆಂದುಕೊಳ್ಳಿ. ಪ್ರಶ್ನೆ ಬರೆದವರಿಗೆ ಆ ದತ್ತಾಂಶ ಮೊದಲೇ ಪರಿಚಿತವಾಗಿರುತ್ತದೆ, ನಿಮಗೆ ಹೊಸದು. ಆದ್ದರಿಂದ ನಾನು ಯಾವಾಗಲೂ ಒಂದೂವರೆ ಪಟ್ಟು ಎಂದು ಲೆಕ್ಕ ಹಿಡಿಯುತ್ತೇನೆ, ಅಂದರೆ ಒಂಬತ್ತು ಗಂಟೆ. ಗುರುವಾರ ರಾತ್ರಿ ಪ್ರಶ್ನೆಯನ್ನು ಓದಿ ಕಡತವನ್ನು ತೆರೆದು ನೋಡುವುದಕ್ಕೆ ಒಂದೂವರೆ ಗಂಟೆ. ಶುಕ್ರವಾರ ಕಾರ್ಖಾನೆಯ ಬಸ್ಸಿನಲ್ಲಿ ಮನೆ ಸೇರಿ ಊಟ ಮುಗಿಸಿದ ಮೇಲೆ ಎರಡೂವರೆ ಗಂಟೆ. ಶನಿವಾರ, ಭಾನುವಾರ ಬೆಳಿಗ್ಗೆಯಿಂದ ರ‍್ಯಾಕ್‌ಗಳ ನಡುವೆ ನಿಂತು ಪೆಟ್ಟಿಗೆ ಎಣಿಸಿ, ಬಿನ್ ಕಾರ್ಡಿನ ಜೊತೆ ತಾಳೆ ನೋಡಿ ರಾತ್ರಿ ಮನೆಗೆ ಬಂದವರು ಲ್ಯಾಪ್‌ಟಾಪ್ ಮುಂದೆ ಏನಾದರೂ ಮಾಡಬಲ್ಲರು ಎಂದು ನಂಬುವುದು ಬೇಡ. ಆ ಎರಡು ದಿನಕ್ಕೆ ಸೊನ್ನೆ ಬರೆಯಿರಿ. ಅಲ್ಲಿಗೆ ನಾಲ್ಕು ಗಂಟೆಯಾಯಿತು, ಐದು ಬಾಕಿ ಉಳಿಯಿತು. ಸೋಮವಾರ ಎರಡೂವರೆ, ಮಂಗಳವಾರ ಎರಡೂವರೆ ಸೇರಿದರೆ ಲೆಕ್ಕ ಸರಿಹೋಗುತ್ತದೆ. ಹಾಗಾದರೆ ನೀವು ಕೇಳಬೇಕಾದದ್ದು ಬುಧವಾರ ಬೆಳಿಗ್ಗೆ 10 ಗಂಟೆ. ಮಂಗಳವಾರ ರಾತ್ರಿ ಎಂದು ಕೇಳಿದರೂ ಆ ಕಡೆಯವರು ನೋಡುವುದು ಬುಧವಾರ ಬೆಳಿಗ್ಗೆಯೇ. ನಿಮಗೆ ಮಾತ್ರ ಬೆಳಗಿನ ಹೊತ್ತು ಒಮ್ಮೆ ಕಣ್ಣಾಡಿಸುವ ಅವಕಾಶ ಉಳಿಯುತ್ತದೆ. ಮೊದಲು ಒಂದು ದಿನ ಕೇಳಿ ಆಮೇಲೆ ಇನ್ನೊಂದು ದಿನ ಕೇಳುವುದಕ್ಕಿಂತ ಹೀಗೆ ಲೆಕ್ಕ ಹಾಕಿ ಒಂದೇ ಸಲ ಕೇಳುವುದು ಎಷ್ಟೋ ಮೇಲು, ಏಕೆಂದರೆ ಎರಡನೆಯ ಕೋರಿಕೆಗೆ ಒಪ್ಪುವವರು ತೀರಾ ಕಡಿಮೆ.

ಪತ್ರದ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಹುಡುಗರು ಹುಡುಗಿಯರು ಬರೆಯುವ ಇಂತಹ ಮೇಲ್‌ಗಳಲ್ಲಿ ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ಧಾಟಿ ಇಣುಕುವುದನ್ನು ಬಹಳ ಸಲ ಕಂಡಿದ್ದೇನೆ. ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಆರಂಭವಾಗಿ, ಮೂರು ಕಡೆ ಕ್ಷಮೆ ಕೇಳಿ, ಕೊನೆಗೆ ‘ದಯಮಾಡಿ ಸ್ವಲ್ಪ ಸಮಯ ಕೊಡಬೇಕು’ ಎಂದು ಮುಗಿಯುತ್ತದೆ. ಎಷ್ಟು ಸಮಯ, ಯಾವ ದಿನದವರೆಗೆ ಎಂಬುದೇ ಅದರಲ್ಲಿ ಇರುವುದಿಲ್ಲ. ಓದಿದ ಎಚ್‌ಆರ್‌ನವರು ಮರುಪ್ರಶ್ನೆ ಕಳುಹಿಸಬೇಕು, ನೀವು ಉತ್ತರಿಸಬೇಕು, ಅಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಅವರು ಒಂದೇ ಪದದಲ್ಲಿ ‘ಆಗಲಿ’ ಎಂದು ಬರೆದು ಮುಗಿಸುವಂತಿರಬೇಕು ನಿಮ್ಮ ಪತ್ರ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ; ಕಂಪನಿಯು ನಿಮಗೆ ಬರೆದಿರುವುದು ಇಂಗ್ಲಿಷಿನಲ್ಲಾದರೆ ನೀವೂ ಇದನ್ನು ಇಂಗ್ಲಿಷಿಗೆ ಇಳಿಸಿಕೊಳ್ಳಿ.

‘ನಮಸ್ಕಾರ. ಅಸೈನ್‌ಮೆಂಟ್ ತಲುಪಿದೆ, ಪೂರ್ತಿ ಓದಿದ್ದೇನೆ, ಕೆಲಸ ಆರಂಭಿಸಿದ್ದೇನೆ. ಈಗಿನ ಉದ್ಯೋಗದಲ್ಲಿ ಮೊದಲೇ ನಿಗದಿಯಾದ ಜವಾಬ್ದಾರಿಯೊಂದಕ್ಕಾಗಿ ಶನಿವಾರ ಮತ್ತು ಭಾನುವಾರ ಇಡೀ ದಿನ ಕಾರ್ಖಾನೆಯಲ್ಲಿರಬೇಕಾಗಿದೆ. ಭಾನುವಾರ ರಾತ್ರಿಯ ಬದಲು ಬುಧವಾರ ಬೆಳಿಗ್ಗೆ 10 ಗಂಟೆಯೊಳಗೆ ಸಲ್ಲಿಸಲು ಅವಕಾಶವಿದೆಯೇ? ಪರಿಶೀಲನೆಯ ದಿನ ಅದಕ್ಕೂ ಮೊದಲೇ ನಿಗದಿಯಾಗಿದ್ದರೆ ಯಾವ ಹೊತ್ತಿನೊಳಗೆ ಕೊಟ್ಟರೆ ಅನುಕೂಲವೆಂದು ತಿಳಿಸಿ, ಅಷ್ಟರೊಳಗೆ ಆದಷ್ಟನ್ನು ಪೂರ್ಣಗೊಳಿಸಿ ಸಲ್ಲಿಸುತ್ತೇನೆ.’

ಇದರಲ್ಲಿ ಕೊನೆಯ ವಾಕ್ಯವೇ ನನ್ನ ಮಟ್ಟಿಗೆ ಮುಖ್ಯವಾದದ್ದು. ಪರಿಶೀಲನೆ ಮಂಗಳವಾರ ಮಧ್ಯಾಹ್ನ ನಿಗದಿಯಾಗಿದ್ದರೆ ಬುಧವಾರಕ್ಕೆ ಅವರು ಒಪ್ಪಲಾರರು, ಆದರೆ ಮಂಗಳವಾರ ಬೆಳಿಗ್ಗೆಗೆ ಒಪ್ಪಬಹುದು. ಈ ವಾಕ್ಯವಿಲ್ಲದಿದ್ದರೆ ನೇರವಾಗಿ ‘ಆಗುವುದಿಲ್ಲ’ ಎಂಬ ಉತ್ತರ ಬಂದು, ನಡುವೆ ಇದ್ದ ಒಂದೂವರೆ ದಿನ ಸುಮ್ಮನೆ ಕೈತಪ್ಪುತ್ತದೆ.

ಕಾರಣವನ್ನು ಅಷ್ಟಕ್ಕೇ ನಿಲ್ಲಿಸಿರುವುದನ್ನೂ ಗಮನಿಸಿ. ಎಣಿಕೆಯಲ್ಲಿ ಯಾವ ಮಾಲು ಕಡಿಮೆ ಬಂದಿದೆ, ಯಾವ ಗ್ರಾಹಕರ ಸರಕು, ಆಡಿಟ್ ಏಕೆ ಎಂಬುದೆಲ್ಲ ನಿಮ್ಮ ಈಗಿನ ಕಾರ್ಖಾನೆಯ ಒಳಗಿನ ಸಂಗತಿ. ಅದನ್ನು ಹೊರಗಿನವರಿಗೆ ಬರೆದರೆ ನಾಳೆ ನಮ್ಮ ವಿಷಯವನ್ನೂ ಹೀಗೆಯೇ ಬರೆಯಬಹುದೆಂಬ ಅಳುಕು ಓದುವವರಲ್ಲಿ ಹುಟ್ಟುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೆಂದರೆ ಕೆಲಸದ ಕಾರಣ ಹೇಳಲು ಹಿಂಜರಿದು ಜ್ವರವೆಂದೋ ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದೋ ಬರೆಯುವುದು. ನಾನಿದ್ದ ಒಂದು ಸಂದರ್ಶನದಲ್ಲಿ ಸಹೋದ್ಯೋಗಿಯೊಬ್ಬರು ನಿಜವಾದ ಕಾಳಜಿಯಿಂದ ‘ಅಜ್ಜಿ ಈಗ ಹೇಗಿದ್ದಾರೆ’ ಎಂದು ಕೇಳಿದರು. ಆ ಹುಡುಗನಿಗೆ ತಾನು ಬರೆದದ್ದು ನೆನಪಿಗೆ ಬರಲೇ ಇಲ್ಲ. ಅವನ ಅಸೈನ್‌ಮೆಂಟ್ ಚೆನ್ನಾಗಿತ್ತು. ಈಗ ನೆನೆದರೂ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವನು ಮರೆಮಾಡಿದ್ದ ನಿಜವಾದ ಕಾರಣ ರಾತ್ರಿ ಪಾಳಿ, ಅದನ್ನು ಹೇಳಿದ್ದರೆ ನಾವು ಎರಡು ಮಾತಿಲ್ಲದೆ ಒಪ್ಪುತ್ತಿದ್ದೆವು.

ಮೇಲ್ ಹೋಗಬೇಕಾದದ್ದು ನಿಮ್ಮ ಸ್ವಂತ ವಿಳಾಸದಿಂದ, ಅಸೈನ್‌ಮೆಂಟ್ ಬಂದ ಅದೇ ಮೇಲ್‌ಗೆ ಉತ್ತರವಾಗಿ. ಹಾಗೆಯೇ ಅಸೈನ್‌ಮೆಂಟನ್ನು ಕಾರ್ಖಾನೆಯ ಲ್ಯಾಪ್‌ಟಾಪಿನಲ್ಲಿ ಮಾಡಬೇಡಿ.

ಶುಕ್ರವಾರ ಮಧ್ಯಾಹ್ನದವರೆಗೂ ಉತ್ತರ ಬಾರದಿದ್ದರೆ ಊಟದ ಬಿಡುವಿನಲ್ಲಿ ಒಮ್ಮೆ ಫೋನ್ ಮಾಡಿ. ಫೋನಿನಲ್ಲಿ ‘ಪರವಾಗಿಲ್ಲ, ನಿಧಾನವಾಗಿ ಕಳುಹಿಸಿ’ ಎಂದರೆ ಅದನ್ನು ಒಪ್ಪಿಗೆಯೆಂದು ಭಾವಿಸಿ ಸುಮ್ಮನಾಗಬೇಡಿ. ನಿಧಾನ ಎಂಬುದಕ್ಕೆ ತಾರೀಖಿಲ್ಲ, ಮತ್ತು ನಿಮ್ಮೊಡನೆ ಮಾತನಾಡಿದವರು ಪರಿಶೀಲಕರಿಗೆ ತಿಳಿಸಿದ್ದಾರೆಂಬ ಖಾತರಿಯೂ ಇಲ್ಲ. ಆ ಕೂಡಲೇ ‘ಈಗ ಮಾತನಾಡಿದಂತೆ ಬುಧವಾರ ಬೆಳಿಗ್ಗೆ 10ರೊಳಗೆ ಸಲ್ಲಿಸುತ್ತೇನೆ’ ಎಂದು ಒಂದು ಸಾಲಿನ ಮೇಲ್ ಹಾಕಿಬಿಡಿ. ಅಸೈನ್‌ಮೆಂಟ್ ಬಂದಿರುವುದು ಪರೀಕ್ಷಾ ವೇದಿಕೆಯ ಲಿಂಕಿನ ಮೂಲಕವಾದರೆ ಇನ್ನೊಂದು ತೊಡಕಿದೆ: ಮನುಷ್ಯರು ಒಪ್ಪಿದರೂ ಲಿಂಕು ತನ್ನ ಹಳೆಯ ಗಡುವಿಗೇ ಮುಚ್ಚಿಕೊಳ್ಳಬಹುದು, ಆಮೇಲೆ ಕಡತ ಸಲ್ಲಿಸುವ ಗುಂಡಿಯೇ ಕಾಣಿಸದೆ ಹೋಗಬಹುದು. ಒಪ್ಪಿಗೆ ಬಂದ ಮೇಲೆ ಆ ಪುಟದಲ್ಲಿ ಹೊಸ ದಿನಾಂಕ ಮೂಡಿದೆಯೇ ಎಂದು ನೋಡಿ, ಮೂಡಿಲ್ಲದಿದ್ದರೆ ಬದಲಿಸಿಕೊಡುವಂತೆ ಕೇಳಿ. ಕೆಲವು ವೇದಿಕೆಗಳಲ್ಲಿ ಆರಂಭಿಸುವ ಗುಂಡಿ ಒತ್ತಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಅಂತಹದ್ದಾದರೆ ಉತ್ತರ ಬರುವವರೆಗೆ ಅದನ್ನು ಒತ್ತಬೇಡಿ, ಪತ್ರದಲ್ಲಿಯೂ ‘ಆರಂಭಿಸಿದ್ದೇನೆ’ ಎಂಬ ಮಾತನ್ನು ತೆಗೆದುಬಿಡಿ.

ಒಪ್ಪಿಗೆ ಸಿಗದಿದ್ದರೆ? ಆಗ ಇರುವುದು ಗುರುವಾರ, ಶುಕ್ರವಾರಗಳ ಆ ನಾಲ್ಕು ಗಂಟೆ. ನೀವು ಕಳೆದ ಸಲ ಮಾಡಿದಂತೆ ಎಲ್ಲವನ್ನೂ ಅರ್ಧರ್ಧ ಮುಟ್ಟುವುದು ಬೇಡ. ಐದು ಪ್ರಶ್ನೆಗಳಿದ್ದರೆ ದತ್ತಾಂಶ ಶುದ್ಧಿಯನ್ನೂ ಮೊದಲ ಎರಡು ಪ್ರಶ್ನೆಗಳನ್ನೂ ಕೊನೆಮುಟ್ಟಿಸಿ, ಜೊತೆಗಿಡುವ `README` ಕಡತದಲ್ಲಿ ಏನು ಮುಗಿದಿದೆ, ಏನು ಉಳಿದಿದೆ, ಉಳಿದದ್ದನ್ನು ಯಾವ ದಾರಿಯಲ್ಲಿ ಮಾಡುತ್ತಿದ್ದಿರಿ ಎಂದು ಐದಾರು ವಾಕ್ಯಗಳಲ್ಲಿ ಬರೆಯಿರಿ. ಪೂರ್ತಿಯಾದ ಎರಡು ಉತ್ತರಗಳಲ್ಲಿ ಅಭ್ಯರ್ಥಿಯ ಕೈಚಳಕ ಕಾಣುತ್ತದೆ. ಅರೆಬರೆಯಾದ ಐದರಲ್ಲಿ ಅವಸರ ಮಾತ್ರ ಕಾಣುತ್ತದೆ.

ಈ ತಿಂಗಳ ಕೊನೆಯ ಅಸೈನ್‌ಮೆಂಟ್ ಇನ್ನೂ ನಿಮ್ಮ ಕೈಸೇರಿಲ್ಲವಾದ್ದರಿಂದ ಇದಕ್ಕಿಂತ ಸುಲಭವಾದ ದಾರಿ ನಿಮಗಿದೆ. ಗಡುವನ್ನು ಮುಂದೂಡಲು ಕೇಳುವ ಬದಲು, ಎಣಿಕೆಯ ದಿನಗಳನ್ನು ತಿಳಿಸಿ, ಅಸೈನ್‌ಮೆಂಟನ್ನೇ ಅದರ ಮರುದಿನ ಕಳುಹಿಸಲು ಸಾಧ್ಯವೇ ಎಂದು ಇವತ್ತೇ ಬರೆದು ಕೇಳಿ. ಇನ್ನೂ ಯಾರ ದಿನವೂ ನಿಗದಿಯಾಗಿರುವುದಿಲ್ಲ, ನಿಮಗೂ ಇತರ ಅಭ್ಯರ್ಥಿಗಳಷ್ಟೇ ಸಮಯ ಸಿಗುತ್ತದೆ.