ಅವಧಿಗಳ ಲೆಕ್ಕದಿಂದ 40 ಅಂಕಗಳ ನೀಲನಕ್ಷೆಯವರೆಗೆ

ಪ್ರಶ್ನೆ: ಒಂಬತ್ತನೇ ತರಗತಿಯ ವಿಜ್ಞಾನಕ್ಕೆ ಅರ್ಧವಾರ್ಷಿಕ ಪರೀಕ್ಷೆಯ 40 ಅಂಕಗಳ ಪ್ರಶ್ನೆಪತ್ರಿಕೆಯನ್ನು ನೀಲನಕ್ಷೆ ಸಹಿತ ತಯಾರಿಸಿ ಕೊಡಲು ನಮ್ಮ ಮುಖ್ಯ ಶಿಕ್ಷಕರು ಹೇಳಿದ್ದಾರೆ. ಸಮಯ ಒಂದೂವರೆ ಗಂಟೆ. ಮುಗಿದಿರುವ ಆರು ಅಧ್ಯಾಯಗಳು ಮತ್ತು ತೆಗೆದುಕೊಂಡ ಅವಧಿಗಳು: ಸುತ್ತಲಿನ ದ್ರವ್ಯ 7, ದ್ರವ್ಯದ ಶುದ್ಧತೆ 8, ಜೀವಕೋಶ 7, ಅಂಗಾಂಶ 7, ಚಲನೆ 11, ಬಲ ಮತ್ತು ಚಲನೆಯ ನಿಯಮಗಳು 10. ಇವನ್ನು ಅಂಕಗಳಿಗೂ ಪ್ರಶ್ನೆಗಳ ಸಂಖ್ಯೆಗೂ ಹೊಂದಿಸುವುದು ಹೇಗೆ? ನಾನು ಹೊಸದಾಗಿ ಸೇವೆಗೆ ಸೇರಿದವಳು.

ಉತ್ತರ: ಅಧ್ಯಾಯವಾರು ಅಂಕಗಳನ್ನು ಇಲಾಖೆಯೋ ಪರೀಕ್ಷಾ ಮಂಡಳಿಯೋ ಮೊದಲೇ ನಿಗದಿಪಡಿಸಿ ಕಳುಹಿಸಿದ್ದರೆ ಅದನ್ನೇ ಅನುಸರಿಸಿ, ಅಂಥ ಸುತ್ತೋಲೆ ಇಲ್ಲದಿದ್ದಾಗ ಮಾತ್ರ ಮುಂದಿನ ಲೆಕ್ಕ. ನೀವು ಪುಟಗಳ ಬದಲು ಅವಧಿಗಳನ್ನು ಕೊಟ್ಟಿರುವುದು ಸರಿಯಾಗಿಯೇ ಇದೆ. ಅಂಗಾಂಶದಂಥ ಅಧ್ಯಾಯದಲ್ಲಿ ಚಿತ್ರಗಳೇ ಬಹಳಷ್ಟು ಪುಟಗಳನ್ನು ತುಂಬಿರುತ್ತವೆ. ಚಲನೆಯ ಒಂದೇ ಪುಟದ ಸಮೀಕರಣಗಳಿಗೆ ಎರಡು ಮೂರು ಅವಧಿ ಬೇಕಾಗುತ್ತದೆ.

ನಿಮ್ಮ ಒಟ್ಟು ಅವಧಿಗಳು 50, ಅಂಕಗಳು 40. ಆದ್ದರಿಂದ ಒಂದು ಅವಧಿಗೆ 0.8 ಅಂಕ ಬರುತ್ತದೆ. ಅದರಿಂದ ಗುಣಿಸಿದರೆ ಸುತ್ತಲಿನ ದ್ರವ್ಯಕ್ಕೆ 5.6, ಶುದ್ಧತೆಗೆ 6.4, ಜೀವಕೋಶಕ್ಕೆ 5.6, ಅಂಗಾಂಶಕ್ಕೆ 5.6, ಚಲನೆಗೆ 8.8, ಬಲಕ್ಕೆ ಸರಿಯಾಗಿ 8. ಇವನ್ನು ಸಮೀಪದ ಪೂರ್ಣಾಂಕಕ್ಕೆ ತಂದು ಕೂಡಿಸಿದರೆ 41 ಆಗುತ್ತದೆ. ಇಲ್ಲಿ ಅನೇಕರು ಯಾವುದೋ ಒಂದು ಅಧ್ಯಾಯದಿಂದ ಕಣ್ಣಂದಾಜಿನಲ್ಲಿ ಒಂದು ಅಂಕ ಕಿತ್ತುಹಾಕುತ್ತಾರೆ. ಅದಕ್ಕಿಂತ, ಮೊದಲು ಎಲ್ಲದರ ದಶಮಾಂಶ ಭಾಗವನ್ನು ಬಿಟ್ಟು 5, 6, 5, 5, 8, 8 ಎಂದು ಬರೆದುಕೊಳ್ಳಿ. ಮೊತ್ತ 37 ಆಗುತ್ತದೆ, ಮೂರು ಅಂಕ ಉಳಿಯುತ್ತದೆ. ಉಳಿದ ಅಂಕಗಳನ್ನು ದಶಮಾಂಶ ಭಾಗ ದೊಡ್ಡದಿರುವ ಅಧ್ಯಾಯದಿಂದ ಕೊಡುತ್ತಾ ಬನ್ನಿ. ಚಲನೆಗೆ ಒಂದು ಸಿಗುತ್ತದೆ, ಅದು 9 ಆಗುತ್ತದೆ. ಇನ್ನೆರಡು ಅಂಕಗಳಿಗೆ ಸುತ್ತಲಿನ ದ್ರವ್ಯ, ಜೀವಕೋಶ, ಅಂಗಾಂಶ ಮೂರೂ ಸಮಾನ ಹಕ್ಕುದಾರರು. ಈ ಎರಡು ಅಂಕಗಳನ್ನು ಈಗಲೇ ಹಂಚಬೇಡಿ. ಪ್ರಶ್ನೆಗಳ ಸ್ವರೂಪ ನಿರ್ಧಾರವಾದ ಮೇಲೆ ಅವು ತಾವಾಗಿಯೇ ಒಂದು ಜಾಗ ಹುಡುಕಿಕೊಳ್ಳುತ್ತವೆ.

ಪ್ರಶ್ನೆಗಳ ಸ್ವರೂಪವನ್ನು ಅಂಕಗಳಿಗಿಂತ ಹೆಚ್ಚಾಗಿ ಸಮಯ ನಿರ್ಧರಿಸುತ್ತದೆ. ಒಂದು ಅಂಕದ 8, ಎರಡು ಅಂಕದ 6, ಮೂರು ಅಂಕದ 4, ನಾಲ್ಕು ಅಂಕದ 2 ಪ್ರಶ್ನೆಗಳನ್ನು ಇಟ್ಟುಕೊಂಡರೆ 8, 12, 12, 8 ಸೇರಿ 40 ಅಂಕಗಳಾಗುತ್ತವೆ, ಪ್ರಶ್ನೆಗಳು 20. ಒಂದು ಅಂಕಕ್ಕೆ ಒಂದೂವರೆ ನಿಮಿಷ, ಎರಡಕ್ಕೆ ನಾಲ್ಕು, ಮೂರಕ್ಕೆ ಏಳು, ನಾಲ್ಕಕ್ಕೆ ಒಂಬತ್ತು ನಿಮಿಷ ಹಿಡಿದರೆ ಒಟ್ಟು 82 ನಿಮಿಷ ಬೇಕು. ಉಳಿದ ಎಂಟು ನಿಮಿಷ ಓದಿಕೊಳ್ಳಲು, ಒಮ್ಮೆ ತಿರುಗಿ ನೋಡಲು. ನಿಮಿಷಗಳ ಈ ಅಂದಾಜು ನನ್ನದು. ನಿಮ್ಮ ಮಕ್ಕಳು ನಿಧಾನವಾಗಿ ಬರೆಯುವವರಾದರೆ ಮೂರು ಅಂಕದ ನಾಲ್ಕು ಪ್ರಶ್ನೆಗಳ ಪೈಕಿ ಎರಡನ್ನು ತೆಗೆದು ಎರಡು ಅಂಕದ ಮೂರನ್ನು ಸೇರಿಸಿ. ಆದರೆ ಹಾಗೆ ಮಾಡಿದಾಗ ಪ್ರಶ್ನೆಗಳು 21 ಆಗುತ್ತವೆ, ಉಳಿತಾಯವಾಗುವುದು ಎರಡೇ ನಿಮಿಷ ಎಂಬುದನ್ನೂ ಗಮನಿಸಿ.

ಈಗ ಅಡ್ಡಸಾಲಿನಲ್ಲಿ ಅಧ್ಯಾಯ, ಕಂಬಸಾಲಿನಲ್ಲಿ ಪ್ರಶ್ನೆಯ ಸ್ವರೂಪ ಇರುವ ಕೋಷ್ಟಕ ಎಳೆಯಿರಿ. ತುಂಬುವಾಗ ನಾಲ್ಕು ಅಂಕದ ಕಂಬದಿಂದ ಆರಂಭಿಸಿ ಒಂದು ಅಂಕದ ಕಂಬಕ್ಕೆ ಬರಬೇಕು. ಚಿಕ್ಕ ಪ್ರಶ್ನೆಗಳನ್ನು ಮೊದಲು ಹರಡಿಬಿಟ್ಟರೆ ಕೊನೆಗೆ ನಾಲ್ಕು ಅಂಕ ಹಿಡಿಸುವ ಅಧ್ಯಾಯವೇ ಉಳಿದಿರುವುದಿಲ್ಲ. ನಾಲ್ಕು ಅಂಕದ ಒಂದು ಪ್ರಶ್ನೆ ಚಲನೆಗೆ ಹೋಗಬೇಕು, ಏಕೆಂದರೆ ವೇಗ-ಕಾಲ ನಕ್ಷೆಯನ್ನು ಬರೆಸಿ ಅದರಿಂದ ದೂರವನ್ನು ಕಂಡುಹಿಡಿಸಲು ಅಷ್ಟು ಅಂಕ ಬೇಕು. ಇನ್ನೊಂದು ಜೀವಕೋಶದ ಚಿತ್ರಕ್ಕೆ. ಮೂರು ಅಂಕದ ನಾಲ್ಕನ್ನು ಶುದ್ಧತೆ, ಅಂಗಾಂಶ, ಚಲನೆ, ಬಲ ಇವುಗಳಿಗೆ ಒಂದೊಂದರಂತೆ ಕೊಡಬಹುದು. ಸುತ್ತಲಿನ ದ್ರವ್ಯಕ್ಕೆ ದೊಡ್ಡ ಪ್ರಶ್ನೆ ಬೇಕಿಲ್ಲ. ಎರಡು ಅಂಕದ ಎರಡು ಮತ್ತು ಒಂದು ಅಂಕದ ಒಂದು ಸೇರಿ ಐದಕ್ಕೆ ಅದು ಅಂದವಾಗಿ ಮುಗಿಯುತ್ತದೆ. ಹಾಗಾಗಿ ತಡೆದಿಟ್ಟಿದ್ದ ಎರಡು ಅಂಕಗಳು ಜೀವಕೋಶಕ್ಕೂ ಅಂಗಾಂಶಕ್ಕೂ ಸೇರಿದವು. ಪೂರ್ತಿ ತುಂಬಿದ ಕೋಷ್ಟಕ ಹೀಗಿರುತ್ತದೆ. ಕೋಷ್ಟಕದ ಒಳಗಿರುವುದು ಪ್ರಶ್ನೆಗಳ ಸಂಖ್ಯೆ.

| ಅಧ್ಯಾಯ | 1 ಅಂಕ | 2 ಅಂಕ | 3 ಅಂಕ | 4 ಅಂಕ | ಪ್ರಶ್ನೆಗಳು | ಅಂಕಗಳು |
|---|---|---|---|---|---|---|
| ಸುತ್ತಲಿನ ದ್ರವ್ಯ | 1 | 2 | – | – | 3 | 5 |
| ದ್ರವ್ಯದ ಶುದ್ಧತೆ | 1 | 1 | 1 | – | 3 | 6 |
| ಜೀವಕೋಶ | 2 | – | – | 1 | 3 | 6 |
| ಅಂಗಾಂಶ | 1 | 1 | 1 | – | 3 | 6 |
| ಚಲನೆ | 2 | – | 1 | 1 | 4 | 9 |
| ಬಲ ಮತ್ತು ನಿಯಮಗಳು | 1 | 2 | 1 | – | 4 | 8 |
| ಒಟ್ಟು | 8 | 6 | 4 | 2 | 20 | 40 |

ಕಂಪ್ಯೂಟರಿನಲ್ಲಿ ಮಾಡುವುದಾದರೆ ಮೊದಲ ಸಾಲಿನ B1ರಿಂದ E1ರವರೆಗೆ 1, 2, 3, 4 ಎಂಬ ಅಂಕಿಗಳನ್ನಷ್ಟೇ ಹಾಕಿ, ಅಂಕಗಳ ಕಂಬದಲ್ಲಿ ಈ ಸೂತ್ರ ಕೊಟ್ಟು ಕೆಳಗೆ ಎಳೆಯಿರಿ. ಪ್ರಶ್ನೆಯೊಂದನ್ನು ಅತ್ತಿತ್ತ ಸರಿಸಿದಾಗ ಮೊತ್ತ ತಪ್ಪಿದರೆ ಆಗಲೇ ಕಾಣುತ್ತದೆ.

```
=SUMPRODUCT(B2:E2,B$1:E$1)
```

ಅಡ್ಡ ಮತ್ತು ಉದ್ದ ಮೊತ್ತಗಳೆರಡೂ ಸರಿಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಉದ್ದೇಶಗಳ ಹಂಚಿಕೆಯೂ ಇದೇ ಇಪ್ಪತ್ತು ಪ್ರಶ್ನೆಗಳ ಮೇಲೆ ಕೂರಬೇಕು. ಸ್ಮರಣೆಗೆ 10, ತಿಳುವಳಿಕೆಗೆ 16, ಅನ್ವಯಕ್ಕೆ 10, ಕೌಶಲಕ್ಕೆ 4 ಅಂಕ ಎಂದುಕೊಳ್ಳೋಣ. ಕೌಶಲದ ನಾಲ್ಕೂ ಅಂಕ ಸಸ್ಯಕೋಶದ ಚಿತ್ರಕ್ಕೆ: ಚಿತ್ರಕ್ಕೆ 2, ನಾಲ್ಕು ಭಾಗಗಳನ್ನು ಗುರುತಿಸಲು ಅರ್ಧರ್ಧದಂತೆ 2. ಅನ್ವಯದ ಹತ್ತು ಅಂಕಗಳನ್ನು ಮಾತ್ರ ನೋಡಿಕೊಂಡು ಇಡಬೇಕು. ನಾವು ವಿಜ್ಞಾನ ಶಿಕ್ಷಕರು ಅನ್ವಯ ಎಂದೊಡನೆ ಭೌತವಿಜ್ಞಾನದ ಲೆಕ್ಕವನ್ನೇ ನೆನೆಯುತ್ತೇವೆ. ಚಲನೆಯ 4 ಮತ್ತು 3, ಬಲದ 3 ಸೇರಿಸಿದರೆ ಹತ್ತು ತುಂಬಿಯೇಬಿಡುತ್ತದೆ. ಆಗ ಲೆಕ್ಕದಲ್ಲಿ ಹಿಂದಿರುವ ಮಗುವಿಗೆ ಅನ್ವಯದ ಒಂದು ಅಂಕವೂ ದಕ್ಕದೆ ಹೋಗಬಹುದು. ಚಲನೆಯ ಮೂರು ಅಂಕದ ಪ್ರಶ್ನೆಯನ್ನು ದೂರ ಮತ್ತು ಸ್ಥಾನಪಲ್ಲಟಗಳ ವ್ಯತ್ಯಾಸವನ್ನು ಉದಾಹರಣೆಯಿಂದ ವಿವರಿಸುವ ತಿಳುವಳಿಕೆಯ ಪ್ರಶ್ನೆಯಾಗಿಸಿ, ಅನ್ವಯದ ಆ ಮೂರು ಅಂಕಗಳನ್ನು ಶುದ್ಧತೆಗೆ ಒಯ್ಯಿರಿ. 150 ಗ್ರಾಂ ನೀರಿನಲ್ಲಿ 50 ಗ್ರಾಂ ಸಕ್ಕರೆ ಕರಗಿಸಿದ ದ್ರಾವಣದ ಸಾರತೆ ಶೇಕಡ ಎಷ್ಟು, ಇನ್ನೂ 50 ಗ್ರಾಂ ನೀರು ಬೆರೆಸಿದರೆ ಎಷ್ಟಾಗುತ್ತದೆ ಎಂದು ಕೇಳಬಹುದು. ಉತ್ತರ 25 ಮತ್ತು 20. ದ್ರಾವಣದ ರಾಶಿಯ ಬದಲು ನೀರಿನ ರಾಶಿಯಿಂದ ಭಾಗಿಸಿದವರಿಗೆ ಮೊದಲನೆಯದು 33 ಬರುತ್ತದೆ, ಸೂತ್ರವನ್ನು ಬಾಯಿಪಾಠ ಮಾಡಿದವರು ಯಾರೆಂದು ತಿಳಿಯುತ್ತದೆ. ಅಂಗಾಂಶದ ಮೂರು ಅಂಕವನ್ನೂ ತಿಳುವಳಿಕೆಗೆ ಹಾಕಿದರೆ, ಉಳಿದ ಒಂದು ಮತ್ತು ಎರಡು ಅಂಕದ ಪ್ರಶ್ನೆಗಳು ಸ್ಮರಣೆ ಹಾಗೂ ತಿಳುವಳಿಕೆಗಳ ನಡುವೆ ಸರಿಯಾಗಿ ಅರ್ಧರ್ಧ ಹಂಚಿಹೋಗುತ್ತವೆ: ಒಂದು ಅಂಕದವು ನಾಲ್ಕು ನಾಲ್ಕು, ಎರಡು ಅಂಕದವು ಮೂರು ಮೂರು. ಒಂದು ಅಂಕದ ಪ್ರಶ್ನೆಗಳೆಲ್ಲವೂ ಸ್ಮರಣೆಯವೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ತರಗತಿಯಲ್ಲಿ ಬಿಡಿಸಿದ ಲೆಕ್ಕವನ್ನು ಅದೇ ಸಂಖ್ಯೆಗಳೊಂದಿಗೆ ಕೇಳಿದರೆ ಅದು ಕೋಷ್ಟಕದಲ್ಲಿ ಅನ್ವಯ ಎಂದಿದ್ದರೂ ಮಗುವಿನ ಪಾಲಿಗೆ ಸ್ಮರಣೆಯೇ. ಕಠಿಣತೆಯ ವಿಚಾರದಲ್ಲಿ ಸುಲಭಕ್ಕೆ 12, ಸಾಧಾರಣಕ್ಕೆ 20, ಕಠಿಣಕ್ಕೆ 8 ಅಂಕ ಇಟ್ಟರೆ ಸಾಕು, ಅದನ್ನು ಇನ್ನಷ್ಟು ಸೀಳುವ ಅಗತ್ಯ ನನಗೆ ಕಂಡಿಲ್ಲ.

ಪ್ರಶ್ನೆಗಳನ್ನು ಬರೆಯಲು ಕುಳಿತಾಗ ಎದುರಾಗುವ ತೊಡಕು ಬೇರೆ. ಒಂದೇ ಪ್ರಶ್ನೆ ಎರಡು ಅಧ್ಯಾಯಗಳಲ್ಲಿ ಕಾಲಿಟ್ಟಿರುತ್ತದೆ. 1000 ಕಿಲೋಗ್ರಾಂ ರಾಶಿಯ ಕಾರು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗುತ್ತಿದ್ದು, ಬ್ರೇಕ್ ಹಾಕಿದಾಗ 5 ಸೆಕೆಂಡಿನಲ್ಲಿ ನಿಂತಿತು, ಬಲವೆಷ್ಟು ಎಂಬ ಲೆಕ್ಕವನ್ನು ತೆಗೆದುಕೊಳ್ಳಿ. ವೇಗೋತ್ಕರ್ಷವನ್ನು ಕಂಡುಹಿಡಿಯುವ ಹಂತ ಚಲನೆಯದು, ಅದರಿಂದ 4000 ನ್ಯೂಟನ್ ಬಲ ಚಲನೆಯ ವಿರುದ್ಧ ದಿಕ್ಕಿನಲ್ಲಿ ಎಂದು ಪಡೆಯುವ ಹಂತ ಬಲದ್ದು. ಇದು ಯಾವ ಅಡ್ಡಸಾಲಿಗೆ ಸೇರಬೇಕೆಂಬುದನ್ನು ಮಾದರಿ ಉತ್ತರದ ಅಂಕ ಹಂಚಿಕೆಯೇ ನಿರ್ಧರಿಸಬೇಕು. ಮೂರರಲ್ಲಿ ವೇಗೋತ್ಕರ್ಷಕ್ಕೆ 1, ಬಲ ಮತ್ತು ದಿಕ್ಕಿಗೆ 2 ಕೊಟ್ಟಿದ್ದರೆ ಬಲದ ಸಾಲಿನಲ್ಲಿರುವುದು ಸರಿ. ಹಂಚಿಕೆ ತಿರುಗುಮುರುಗಾದರೆ ಚಲನೆಯ ಭಾರ ಕಾಗದದಲ್ಲಿ 9 ಇದ್ದರೂ ವಾಸ್ತವದಲ್ಲಿ 11ಕ್ಕೆ ಏರಿರುತ್ತದೆ. ಆದ್ದರಿಂದ ಪ್ರಶ್ನೆಯ ಜೊತೆಗೇ ಮಾದರಿ ಉತ್ತರವನ್ನೂ ಬರೆಯುತ್ತಾ ಹೋಗಿ, ಪರೀಕ್ಷೆ ಮುಗಿದ ಮೇಲೆ ಬರೆಯುವ ರೂಢಿ ಬೇಡ.

'ಅಥವಾ' ಎಂಬ ಆಯ್ಕೆ ಕೊಡುವಾಗಲೂ ಇದೇ ಎಚ್ಚರ ಬೇಕು. ಚಲನೆಯ ನಾಲ್ಕು ಅಂಕದ ಪ್ರಶ್ನೆಗೆ ಬದಲಾಗಿ ಬಲದ ಅಧ್ಯಾಯದಿಂದ ಪ್ರಶ್ನೆಯಿಟ್ಟರೆ, ಅದನ್ನು ಆಯ್ದ ವಿದ್ಯಾರ್ಥಿ ಬರೆಯುವ ಪತ್ರಿಕೆಯಲ್ಲಿ ಚಲನೆಗೆ 5, ಬಲಕ್ಕೆ 12 ಅಂಕ ಆಗಿಬಿಡುತ್ತದೆ. ಪಕ್ಕದಲ್ಲಿ ಕುಳಿತವನಿಗೆ 9 ಮತ್ತು 8. ಇಬ್ಬರೂ ಬರೆದದ್ದು ಬೇರೆ ಬೇರೆ ಪರೀಕ್ಷೆ. ಆಯ್ಕೆಯ ಪ್ರಶ್ನೆ ಅದೇ ಅಧ್ಯಾಯ, ಅದೇ ಉದ್ದೇಶ, ಅದೇ ಕಠಿಣತೆಯದಾಗಿರಬೇಕು, ಕೋಷ್ಟಕದಲ್ಲಿ ಎರಡೂ ಸೇರಿ ಒಂದೇ ಪ್ರಶ್ನೆಯೆಂದು ಎಣಿಕೆಯಾಗಬೇಕು.

ಕೊನೆಯದಾಗಿ ಒಂದು ತಾಳೆ ನೋಡಿ. ಪ್ರಶ್ನೆಪತ್ರಿಕೆ ಮತ್ತು ಮಾದರಿ ಉತ್ತರವನ್ನು ಮಾತ್ರ ಇನ್ನೊಬ್ಬ ವಿಜ್ಞಾನ ಶಿಕ್ಷಕರ ಕೈಗೆ ಕೊಟ್ಟು, ನಿಮ್ಮ ನೀಲನಕ್ಷೆಯನ್ನು ತೋರಿಸದೆ, ಉದ್ದೇಶಗಳ ಕಂಬಗಳನ್ನೂ ಸೇರಿಸಿದ ಖಾಲಿ ಕೋಷ್ಟಕವನ್ನು ತುಂಬಿಕೊಡಲು ಹೇಳಿ. ಶಾಲೆಯಲ್ಲಿ ವಿಜ್ಞಾನಕ್ಕೆ ನೀವೊಬ್ಬರೇ ಇದ್ದರೆ ಗಣಿತದ ಶಿಕ್ಷಕರಾದರೂ ಅಧ್ಯಾಯದ ಸಾಲುಗಳನ್ನು ತುಂಬಬಲ್ಲರು. ಅಧ್ಯಾಯದ ಅಂಕಗಳು ಒಂದರಷ್ಟು ಹೆಚ್ಚುಕಡಿಮೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಸ್ಮರಣೆಯ ಕಂಬ ನಿಮ್ಮ 10ರ ಬದಲು ಅವರಲ್ಲಿ 15 ಬಂದಿದ್ದರೆ ನಿಮ್ಮ ತಿಳುವಳಿಕೆಯ ಪ್ರಶ್ನೆಗಳು ನಿಜವಾಗಿ ಪಠ್ಯದ ಸಾಲನ್ನೇ ಕೇಳುತ್ತಿವೆ ಎಂದರ್ಥ. ಆಗ ಕೋಷ್ಟಕದ ಅಂಕಿಗಳನ್ನು ತಿದ್ದುವುದು ಸುಲಭ, ಪ್ರಶ್ನೆಗಳನ್ನು ತಿದ್ದುವುದು ಕಷ್ಟ; ತಿದ್ದಬೇಕಾದದ್ದು ಪ್ರಶ್ನೆಗಳನ್ನೇ. ಮುಖ್ಯ ಶಿಕ್ಷಕರಿಗೆ ಸಲ್ಲಿಸುವಾಗ ಮೇಲಿನ ಕೋಷ್ಟಕದ ಜೊತೆಗೆ, ಪ್ರತಿ ಪ್ರಶ್ನೆಯ ಎದುರು ಅಧ್ಯಾಯ, ಉದ್ದೇಶ, ಕಠಿಣತೆ, ಅಂಕ, ಬೇಕಾಗುವ ನಿಮಿಷ ಬರೆದ ಪ್ರಶ್ನಾವಾರು ವಿಶ್ಲೇಷಣೆಯ ಹಾಳೆಯನ್ನೂ ಲಗತ್ತಿಸಿ.