ಬಾದಾಮಿಯ ಜೋಡಿಗಳು ಮತ್ತು ಮುನಿದ ನಾಯಿಕೆ

ಮಾನ್ಯ ಸಂಪಾದಕರೆ, ಕಳೆದ ಸಂಚಿಕೆಯಲ್ಲಿ ಬಾದಾಮಿಯ ಗುಹೆಯ ಜೋಡಿಶಿಲ್ಪದ ಕೆಳಗೆ ‘ಪ್ರೇಮಿಗಳು’ ಎಂದು ಬರೆದಿದ್ದೀರಿ. ದೇವಾಲಯದ ಶಿಲ್ಪಗಳಲ್ಲಾಗಲಿ ರಾಧಾಕೃಷ್ಣರ ಚಿಕಣಿ ಚಿತ್ರಗಳಲ್ಲಾಗಲಿ ಇರುವುದು ಜೀವಾತ್ಮ ಪರಮಾತ್ಮರ ಮಿಲನ. ಅದನ್ನು ಲೌಕಿಕ ಪ್ರೇಮವೆಂದು ಕರೆಯುವುದು ಸರಿಯೇ?
— ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವ ಧೈರ್ಯ ನನಗಿಲ್ಲ. ಭಕ್ತರು ಹಾಗೆ ಕಂಡಿದ್ದಾರೆ, ಹಾಗೇ ಹಾಡಿದ್ದಾರೆ. ಜಮ್ಮುವಿನ ಬೆಟ್ಟಸೀಮೆಯ ಬಸೋಹಲಿಯ ಚಿಕಣಿ ಚಿತ್ರಕಾರರೂ ನಿಮ್ಮ ಪಕ್ಷವೇ ಇರಬಹುದು. ಭಾನುದತ್ತನ ‘ರಸಮಂಜರಿ’ ನಾಯಕ ನಾಯಿಕೆಯರ ಬಗೆಗಳನ್ನು ವಿಂಗಡಿಸುವ ಅಲಂಕಾರ ಗ್ರಂಥ, ಕೃಷ್ಣನ ಕಥೆಯಲ್ಲ. ಆದರೂ 1660ರ ಆಸುಪಾಸಿನಲ್ಲಿ ಅದಕ್ಕೆ ಚಿತ್ರ ಬರೆದವರು ನಾಯಕನಿಗೆ ನೀಲಿ ಮೈಬಣ್ಣ ಕೊಟ್ಟು ಕೃಷ್ಣನನ್ನೇ ತಂದು ನಿಲ್ಲಿಸಿದರು. ಇಷ್ಟನ್ನು ಒಪ್ಪಿಕೊಂಡೆ. ಇನ್ನು ನನ್ನ ಮಾತು ಕೇಳಿ.

ಮೂರನೆಯ ಗುಹೆಗೆ ನೀವು ಹೋಗಿಯೇ ಇರುತ್ತೀರಿ. ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ 578ರಲ್ಲಿ ವಿಷ್ಣುವಿಗಾಗಿ ಕೊರೆಸಿದ್ದು. ಎಲ್ಲರೂ ನೇರ ತ್ರಿವಿಕ್ರಮನ ಮುಂದೆ ಹೋಗಿ ನಿಲ್ಲುತ್ತಾರೆ. ಮುಂದಿನ ಸಲ ಕತ್ತೆತ್ತಿ ಕಂಬದ ನೆತ್ತಿ ನೋಡಿ. ತೊಲೆಗೆ ಆತುಕೊಂಡ ಮದನಕೈಗಳಲ್ಲಿ, ಮರದ ಕೆಳಗೆ, ಜೋಡಿಗಳು ನಿಂತಿವೆ. ಒಬ್ಬಳು ಮೈಭಾರವನ್ನೆಲ್ಲ ಅವನ ಮೇಲೆ ಬಿಟ್ಟಿದ್ದಾಳೆ. ಅವನ ತೋಳು ಅವಳ ಹೆಗಲ ಮೇಲಿದೆ. ಕೆಲವು ಜೋಡಿಗಳ ಕಾಲ ಬಳಿ ಒಬ್ಬ ಕುಬ್ಜ ಸೇವಕ ಬೇರೆ. ಇವರ ಸರಸಕ್ಕೆ ಅವನ ಇರವಿನ ಪರಿವೆಯೇ ಇಲ್ಲ.

ಈ ಜೋಡಿಗಳು ಅಲ್ಲಿಗೆ ಬಂದದ್ದಾದರೂ ಹೇಗೆ? ಅದೇ ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಗುಡಿಯ ಬಾಗಿಲುವಾಡವನ್ನು ಯಾವ್ಯಾವುದರಿಂದ ಸಿಂಗರಿಸಬೇಕೆಂದು ಹೇಳುತ್ತಾನೆ: ಮಂಗಳದ ಹಕ್ಕಿ, ಶ್ರೀವೃಕ್ಷ, ಸ್ವಸ್ತಿಕ, ಕಲಶ, ಮಿಥುನ, ಎಲೆಬಳ್ಳಿ, ಪ್ರಮಥಗಣ. ಕಲಶದ ಪಕ್ಕ ಮಿಥುನ! ತುಂಬಿದ ಕೊಡದಂತೆ, ಚಿಗುರಿದ ಬಳ್ಳಿಯಂತೆ, ಕೂಡಿ ನಿಂತ ಗಂಡು ಹೆಣ್ಣು ಕೂಡ ಶುಭ. ಈ ಪಟ್ಟಿಯಲ್ಲಿ ವೇದಾಂತ ಎಲ್ಲಿದೆ, ನೀವೇ ಹೇಳಿ. ಶಾಸ್ತ್ರ ಕೇಳಿದ್ದು ‘ಮಿಥುನ’ ಎಂಬ ಒಂದು ಪದವನ್ನು ಮಾತ್ರ. ಅವಳು ಎತ್ತ ವಾಲಬೇಕು, ಅವನ ಕೈ ಎಲ್ಲಿರಬೇಕು, ಯಾರು ಯಾರನ್ನು ನೋಡಬೇಕು ಎಂಬುದೆಲ್ಲ ಉಳಿ ಹಿಡಿದವನ ಪಾಲಿನದು. ಒಂದೇ ಅಚ್ಚಿನ ಜೋಡಿಗಳನ್ನು ಸಾಲಾಗಿ ಕಡೆದಿದ್ದರೂ ಶಾಸ್ತ್ರ ಸಲ್ಲುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಐಹೊಳೆಯ ದುರ್ಗ ಗುಡಿಯ ಕಂಬಗಳನ್ನು ನೋಡಿದರೂ ಅಷ್ಟೆ, ಒಂದು ಜೋಡಿಯ ನಿಲುವು ಇನ್ನೊಂದಕ್ಕಿಲ್ಲ. ಮನುಷ್ಯರನ್ನು ಕಣ್ಣಿಟ್ಟು ನೋಡದವನಿಗೆ ಇದು ಬರುವ ವಿದ್ಯೆಯಲ್ಲ.

ಚಿಕಣಿ ಚಿತ್ರಕಾರನದು ಬೇರೆ ದಾರಿ. ಅವನಿಗೆ ಕೂಡುವುದಕ್ಕಿಂತ ಕೂಡದಿರುವುದೇ ಪ್ರೀತಿ. ಪ್ರೇಮದ ಎಂಟು ಅವಸ್ಥೆಗಳಲ್ಲಿರುವ ಅಷ್ಟನಾಯಿಕೆಯರನ್ನು ನೆನೆಯಿರಿ. ಹಾಸಿಗೆ ಅಣಿಮಾಡಿ ಬಾಗಿಲಿಗೆ ಕಣ್ಣಿಟ್ಟ ವಾಸಕಸಜ್ಜೆ, ಸಂಕೇತಸ್ಥಳಕ್ಕೆ ಅವನು ಬಾರದೆ ಒಡವೆ ಕಿತ್ತೆಸೆಯುವ ವಿಪ್ರಲಬ್ಧೆ. ಹಿಮಾಚಲದ ಕಾಂಗ್ಡಾ ಚಿತ್ರಗಳ ಅಭಿಸಾರಿಕೆಯಂತೂ ನಲ್ಲನನ್ನು ಕೂಡಲು ಮಿಂಚುವ ಮಳೆಗಾಲದ ಇರುಳಿನಲ್ಲಿ ಹಾವುಗಳ ನಡುವೆ ಒಬ್ಬಳೇ ಹೊರಟಿದ್ದಾಳೆ. ಜಾರಿಬಿದ್ದ ಕಾಲ್ಗೆಜ್ಜೆಯ ಕಡೆ ತಿರುಗಿ ನೋಡುತ್ತಾಳೆ, ಹೆಜ್ಜೆ ಮಾತ್ರ ಮುಂದಕ್ಕೇ. ಇಡೀ ಚಿತ್ರದಲ್ಲಿ ಪ್ರಿಯಕರನ ಸುಳಿವೇ ಇಲ್ಲ!

ಖಂಡಿತೆಯ ವಿಷಯ ನಿಮಗೆ ಇನ್ನೂ ಕಷ್ಟ. ಇರುಳೆಲ್ಲ ಬೇರೆಲ್ಲೋ ಕಳೆದು ಬೆಳಗ್ಗೆ ಬಂದವನ ಮುಂದೆ ಸಿಟ್ಟಿನಿಂದ ಮುಖ ತಿರುಗಿಸಿದವಳು ಅವಳು. ಜಯದೇವನ ‘ಗೀತಗೋವಿಂದ’ದಲ್ಲಿ ರಾಧೆ ಬೈಯುವುದೂ ಇದಕ್ಕೇ: ಇನ್ನೊಬ್ಬಳ ಕಾಡಿಗೆಗಣ್ಣಿಗೆ ಮುತ್ತಿಟ್ಟು ನಿನ್ನ ತುಟಿ ಕಪ್ಪಾಗಿದೆ, ಹೋಗು ಮಾಧವ ಎಂದು. ಸಂಗೀತ ಕಚೇರಿಯಲ್ಲಿ ಈ ಅಷ್ಟಪದಿಗೆ ನಾವು ಕಣ್ಣುಮುಚ್ಚಿ ತಲೆದೂಗುತ್ತೇವೆ. ತುಟಿಗೆ ಮೆತ್ತಿದ ಆ ಕಾಡಿಗೆಯನ್ನು ಪರಮಾತ್ಮನ ಲೆಕ್ಕಕ್ಕೆ ಹೇಗೆ ಬರೆಯುತ್ತೀರಿ ಸ್ವಾಮಿ? ಬಸೋಹಲಿಯವರು ಒಡವೆಯ ಪಚ್ಚೆಗೆ ಬಣ್ಣ ಸಾಲದೆಂದು ಜೀರುಂಡೆಯ ಹಸಿರು ರೆಕ್ಕೆಯ ಚೂರು ಕತ್ತರಿಸಿ ಅಂಟಿಸುತ್ತಿದ್ದರು. ಹಾಳೆಯನ್ನು ಕೊಂಚ ಓರೆ ಮಾಡಿದರೆ ಅದು ಮಿನುಗುತ್ತದೆ. ತತ್ತ್ವ ಹೇಳುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟು ಪಾಡು ಯಾಕೆ ಪಡಬೇಕಿತ್ತು?

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ನೀವು ಕಾಗದ ಬರೆಯುವಷ್ಟಾದರೂ ಯೋಚಿಸಿದ್ದೀರಿ. ಇಂಥ ಶಿಲ್ಪ ಕಂಡೊಡನೆ ದನಿ ತಗ್ಗಿಸಿ ಕಿಸಕ್ಕನೆ ನಗುವ ಗೈಡುಗಳಿದ್ದಾರೆ, ಮಕ್ಕಳನ್ನು ದರದರ ಎಳೆದೊಯ್ಯುವ ಮೇಷ್ಟ್ರುಗಳಿದ್ದಾರೆ. ಒಬ್ಬರಿಗೆ ಅಶ್ಲೀಲ, ಇನ್ನೊಬ್ಬರಿಗೆ ಅಧ್ಯಾತ್ಮ. ಕಲ್ಲನ್ನು ಮಾತ್ರ ಇಬ್ಬರೂ ನೋಡುವುದಿಲ್ಲ. ಈಗ ಮದುವೆಗೆ ಮುಂಚಿನ ಫೋಟೊಶೂಟಿನವರೂ ಸೇರಿಕೊಂಡಿದ್ದಾರೆ. ಐಹೊಳೆಯ ಕಂಬಕ್ಕೆ ಒರಗಿದ ಹುಡುಗನಿಗೆ ಫೋಟೊದವನು ಹುಡುಗಿಯ ಗಲ್ಲ ಹಿಡಿ, ಹಣೆಗೆ ಹಣೆ ತಾಗಿಸು ಎಂದು ಸಿನಿಮಾದ ಭಂಗಿ ಹೇಳಿಕೊಡುತ್ತಿದ್ದ. ಅವರ ಬೆನ್ನಹಿಂದಿನ ಕಂಬದಲ್ಲೇ ಅದಕ್ಕಿಂತ ಸೊಗಸಾದದ್ದು ಇತ್ತು, ಸಾವಿರದ ಇನ್ನೂರು ವರ್ಷಗಳಿಗೂ ಮೀರಿ. ಮೂವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.