ಕೆವಿ ಕ್ಯಾಶ್: ವೇಗ ಹೇಗೆ, ಮೆಮೊರಿ ಎಲ್ಲಿಗೆ

ಪ್ರಶ್ನೆ: ಮಂಗಳೂರಿನ ನಮ್ಮ ಲ್ಯಾಬಿನ 16 ಜಿಬಿ ಜಿಪಿಯುನಲ್ಲಿ ಕೆವಿ ಕ್ಯಾಶ್ ಹಾಕಿದರೆ Llama 2 7B ಬೇಗ ಬರೆಯುತ್ತದೆ, ಆದರೆ ಮೆಮೊರಿ ಯಾಕೆ ತುಂಬುತ್ತದೆ?

ಹೊಸ ಟೋಕನ್, ಅಂದರೆ ಪಠ್ಯದ ಮುಂದಿನ ತುಣುಕು, ಬರೆಯಲು ಮಾದರಿಗೆ ಹಿಂದಿನ ಎಲ್ಲ ಟೋಕನ್‌ಗಳ ಕೀ ಮತ್ತು ವ್ಯಾಲ್ಯೂ ಎಂಬ ಸಂಖ್ಯೆಗಳ ಪಟ್ಟಿಗಳು ಬೇಕು. ‘ಉಡುಪಿಯ ರಥಬೀದಿಯಲ್ಲಿ’ ಎಂದು ಬರೆದಾದ ಮೇಲೆ ಮುಂದೆ ಏನೇ ಬಂದರೂ ಆ ಪದಗಳ ಕೀ, ವ್ಯಾಲ್ಯೂಗಳು ಬದಲಾಗುವುದಿಲ್ಲ, ಏಕೆಂದರೆ ಪ್ರತಿ ಟೋಕನ್ ತನ್ನನ್ನೂ ತನಗಿಂತ ಹಿಂದಿನವನ್ನೂ ಮಾತ್ರ ನೋಡುತ್ತದೆ. ಆದ್ದರಿಂದ ಅವನ್ನು ಉಳಿಸಿಟ್ಟುಕೊಂಡರೆ, ಇಡೀ ಪಠ್ಯವನ್ನು ಮತ್ತೆ ಪದರಗಳ ಮೂಲಕ ಹಾಯಿಸದೆ, ಹೊಸ ಟೋಕನ್ ಒಂದನ್ನಷ್ಟೇ ಹಾಯಿಸಿದರೆ ಸಾಕು.

ಹೀಗೆ ಉಳಿಸಿಟ್ಟದ್ದೇ ಕೆವಿ ಕ್ಯಾಶ್, ಮೆಮೊರಿಯನ್ನು ತುಂಬುವುದೂ ಅದೇ. ಈ ಮಾದರಿಯ 32 ಪದರಗಳಲ್ಲಿ ಪ್ರತಿಯೊಂದೂ ಟೋಕನ್ ಒಂದಕ್ಕೆ 4096 ಸಂಖ್ಯೆಗಳ ಕೀಯನ್ನೂ ಅಷ್ಟೇ ಉದ್ದದ ವ್ಯಾಲ್ಯೂವನ್ನೂ ಇಡುತ್ತದೆ. ಸಂಖ್ಯೆಗೆ 2 ಬೈಟ್ ಎಂದರೆ:

```
2 × 32 × 4096 × 2 = 524288
```

ಟೋಕನ್‌ಗೆ ಅರ್ಧ ಎಂಬಿ, 4096 ಟೋಕನ್‌ಗೆ 2 ಜಿಬಿ. ಮಾದರಿಯೇ ಸುಮಾರು 12.5 ಜಿಬಿ ಹಿಡಿಯುವುದರಿಂದ, ಅಷ್ಟು ಉದ್ದದ ಒಂದು ಸಂಭಾಷಣೆ ನಿಮ್ಮ ಜಿಪಿಯುನಲ್ಲಿ ಹಿಡಿಸೀತು, ಏಕಕಾಲಕ್ಕೆ ಎರಡು ಹಿಡಿಸವು.